ಬುಧವಾರದ ಮೀಟಿಂಗು ಯಾರ ನಿದ್ದೆಯ ಮೇಲೆ?

ನಮ್ಮ ತಂಡದ ವಾರದ ಮೀಟಿಂಗು ಬುಧವಾರ ಬೆಳಗ್ಗೆ 11 ಗಂಟೆಗೆ ಇರುತ್ತಿತ್ತು. ಹಗಲು ಪಾಳಿಯ ಎಂಟು ಜನ ಎರಡನೇ ಕಾಫಿ ಹಿಡಿದುಕೊಂಡು ಗಾಜಿನ ಕೋಣೆಯಲ್ಲಿ ಕೂರುತ್ತಿದ್ದೆವು. ರಾತ್ರಿ ಪಾಳಿಯ ನಾಲ್ವರು ಮನೆಯಿಂದ ಫೋನಿನಲ್ಲಿ ಸೇರಿಕೊಳ್ಳುತ್ತಿದ್ದರು. ಒಂದು ಬುಧವಾರ ಅವರಲ್ಲೊಬ್ಬನಿಗೆ ಏನೋ ಕೇಳಿದೆ. ಸುಮಾರು ಹೊತ್ತು ಉತ್ತರವಿಲ್ಲ. ಆ ಕಡೆಯಿಂದ ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಗಂಟಲು ಕಟ್ಟಿದ ದನಿಯಲ್ಲಿ "ಹಾಂ ಸರ್, ಓಕೆ ಸರ್" ಅಂದ. ನಾನು ಕೇಳಿದ್ದು ಹೌದು, ಇಲ್ಲ ಅನ್ನುವ ಪ್ರಶ್ನೆಯೇ ಆಗಿರಲಿಲ್ಲ. ಯಾವ ಸರ್ವರನ್ನು ಮೊದಲು ಬದಲಾಯಿಸೋಣ ಅಂತ ಕೇಳಿದ್ದೆ.

ಆವತ್ತು ನನಗೆ ಬಂದದ್ದು ಸಿಟ್ಟು. ಸಂಜೆ ಪಾಳಿ ಬದಲಾಗುವಾಗ ಅವನು ಅದೇ ವಿಷಯವನ್ನು ಹೊಸದಾಗಿ ಕೇಳಿದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ಲೆಕ್ಕ ಹಾಕಿ ನೋಡುವ ಬುದ್ಧಿ ಬಂದದ್ದು ಕೆಲವು ದಿನ ಕಳೆದ ಮೇಲೆ.

ಲೆಕ್ಕ ಹೀಗಿದೆ. ಬೆಂಗಳೂರಿನ ಕಚೇರಿಯಲ್ಲಿ ಕೂತು ಅಮೆರಿಕದ ಗಿರಾಕಿಗಳ ಸರ್ವರುಗಳನ್ನು ನೋಡಿಕೊಳ್ಳುವ ತಂಡ ನಮ್ಮದು. ಹಗಲು ಪಾಳಿ 9:30ರಿಂದ ಸಂಜೆ 6:30. ರಾತ್ರಿ ಪಾಳಿ ಸಂಜೆ 6:30ರಿಂದ ಬೆಳಗಿನ ಜಾವ 3:30. ನ್ಯೂಯಾರ್ಕಿನಲ್ಲಿ ಬೇಸಿಗೆಯ ಗಡಿಯಾರ ನಡೆಯುವ ತಿಂಗಳುಗಳಲ್ಲಿ ಅಲ್ಲಿ ಬೆಳಗ್ಗೆ 9 ಆದಾಗ ನಮ್ಮಲ್ಲಿ ಸಂಜೆ 6:30 ಆಗಿರುತ್ತದೆ, ಅದಕ್ಕೇ ಈ ಹೊತ್ತು. 3:30ಕ್ಕೆ ಲಾಗೌಟ್ ಆದವನು ಕ್ಯಾಬ್ ಹತ್ತಿ, ಮನೆ ಮುಟ್ಟಿ, ಒಂದಿಷ್ಟು ತಿಂದು ಮಲಗುವಾಗ 5 ಗಂಟೆ. 11ಕ್ಕೆ ಫೋನ್ ಬಡಿದುಕೊಂಡರೆ ಅವನು ಮಲಗಿ ಆರು ಗಂಟೆ ಆಗಿರುತ್ತದೆ. ರಾತ್ರಿ 11ಕ್ಕೆ ಮಲಗುವ ನನ್ನಂಥವನನ್ನು ಬೆಳಗಿನ ಜಾವ 5ಕ್ಕೆ ಎಬ್ಬಿಸಿ "ಯಾವ ಸರ್ವರ್ ಮೊದಲು?" ಅಂತ ಕೇಳಿದರೆ ನಾನೂ ಓಕೆ ಅಂತಲೇ ಅನ್ನುತ್ತಿದ್ದೆ.

ನಿಜ ಹೇಳಬೇಕೆಂದರೆ ಈ ಹೋಲಿಕೆಯೂ ನನ್ನ ಕಡೆಗೇ ವಾಲಿದೆ. ಹಗಲು ಮಲಗುವವನ ಆರು ಗಂಟೆ, ರಾತ್ರಿ ಮಲಗುವವನ ಆರು ಗಂಟೆಯಷ್ಟು ಗಟ್ಟಿಯಲ್ಲ. ನಮ್ಮ ಮೈಯೊಳಗಿನ ಗಡಿಯಾರ ಬಿಸಿಲನ್ನು ನೋಡಿ ಹೊಂದಿಸಿಕೊಳ್ಳುವಂಥದ್ದು. ಮೈಯ ಶಾಖ ಬೆಳಗಿನ ಜಾವ ತೀರ ಇಳಿದಿದ್ದು, ಆಮೇಲೆ ಏರತೊಡಗುತ್ತದೆ. ಏರುವ ಶಾಖ ಏಳು ಅನ್ನುವ ಸಂಕೇತ. ರಾತ್ರಿ ಪಾಳಿಯವನು ಆ ಏರಿನ ಎದುರು ಈಜಿಕೊಂಡು ನಿದ್ದೆ ಮಾಡುತ್ತಾನೆ. ಒಮ್ಮೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹೀಗಾಗಿ ಮುಕ್ಕಾಲು ಗಂಟೆಯ ಮೀಟಿಂಗು ಅವನಿಂದ ಮುಕ್ಕಾಲು ಗಂಟೆಯನ್ನಲ್ಲದೆ ಉಳಿದ ನಿದ್ದೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಈ ಒಳಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟವರಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ಅದು ಬಂದ ಮೇಲೂ ನಮ್ಮ ಕ್ಯಾಲೆಂಡರಿನಲ್ಲಿ ಬುಧವಾರ 11 ಹಾಗೇ ಇತ್ತು.

ಮೀಟಿಂಗಿನ ಹೊತ್ತು ಸರಿಪಡಿಸೋಣ ಅಂತ ಹೊರಟಾಗ ನಾವು ಮಾಡಿದ ಮೊದಲ ತಪ್ಪು ನೆನೆದರೆ ಈಗ ನಗು ಬರುತ್ತದೆ. ಸಮಾನತೆ ತಾನೇ ಬೇಕಾದ್ದು, ಹಾಗಾದರೆ ಒಂದು ವಾರ ಬೆಳಗ್ಗೆ 11, ಇನ್ನೊಂದು ವಾರ ರಾತ್ರಿ 11:30 ಅಂದುಕೊಂಡೆವು. ಒಂದು ವಾರ ಅವರ ನಿದ್ದೆ ಕೆಟ್ಟರೆ ಇನ್ನೊಂದು ವಾರ ನಮ್ಮದು. ಎರಡು ತಿಂಗಳೂ ನಡೆಯಲಿಲ್ಲ. ರಾತ್ರಿಯ ವಾರಗಳಲ್ಲಿ ನಮ್ಮ ಕಡೆಯಿಂದ ಒಬ್ಬರ ಕ್ಯಾಮೆರಾವೂ ತೆರೆಯುತ್ತಿರಲಿಲ್ಲ. ಹಗಲಿನ ವಾರಗಳಲ್ಲಿ ಅವರದು ತೆರೆಯುತ್ತಿರಲಿಲ್ಲ. ಕಾಗದದ ಮೇಲೆ ಸಮಪಾಲು, ಆದರೆ ಪಾಲು ಹಾಕಿಕೊಂಡದ್ದು ಕೇವಲ ನಷ್ಟವನ್ನು. ವಾರಕ್ಕೊಮ್ಮೆ ಹನ್ನೆರಡು ಜನ ಒಟ್ಟಿಗೆ ಯೋಚಿಸಲಿ ಅಂತಲೇ ಈ ಮೀಟಿಂಗು ಇಟ್ಟದ್ದು. ಯಾವ ವಾರವೂ ಹನ್ನೆರಡು ಜನ ಪೂರ್ತಿ ಎಚ್ಚರವಿರಲಿಲ್ಲ.

ಅಲ್ಲಿಂದ ಕಲಿತದ್ದು ಇಷ್ಟು: ಸರದಿ ಹಾಕುವ ಮೊದಲು ಕೆಲವು ಹೊತ್ತನ್ನು ಸರದಿಯಿಂದಲೇ ಹೊರಗಿಡಬೇಕು. ಯಾರೊಬ್ಬರ ನಿದ್ದೆಯ ಹೊತ್ತೂ ಸರದಿಯ ಬುಟ್ಟಿಗೆ ಬೀಳಬಾರದು. ಉಳಿದ ಹೊತ್ತಿನ ತೊಂದರೆಯನ್ನಷ್ಟೇ ಹಂಚಿಕೊಳ್ಳುವುದು.

ಇದನ್ನು ಮಾಡಲು ನಾವು ಹಿಡಿದ ದಾರಿ ಸರಳ. ಪ್ರತಿಯೊಬ್ಬರಿಗೂ 24 ಗಂಟೆಯ ಉದ್ದದ ಒಂದು ಕಾಗದದ ಪಟ್ಟಿ, ಅರ್ಧರ್ಧ ಗಂಟೆಗೊಂದು ಮನೆ. ನಿದ್ದೆ ಮತ್ತು ಪ್ರಯಾಣಕ್ಕೆ ಕೆಂಪು. ಬರಬಹುದು ಆದರೆ ಕಷ್ಟ ಅನ್ನುವ ಹೊತ್ತಿಗೆ ಹಳದಿ. ಸಲೀಸು ಅನ್ನುವ ಹೊತ್ತು ಖಾಲಿ. ಹೆಸರು ಬರೆಯಬೇಕಿಲ್ಲ, ಯಾವ ಪಾಳಿ ಅಂತ ಬರೆದರೆ ಸಾಕು. ಇದನ್ನು ಮೀಟಿಂಗಿನಲ್ಲಿ ಬಾಯಿಮಾತಿನಲ್ಲಿ ಕೇಳಲಿಲ್ಲ. ಮೀಟಿಂಗಿನ ಹೊತ್ತು ಯಾವುದಿರಲಿ ಎಂದು ಮೀಟಿಂಗಿನಲ್ಲೇ ಕೇಳಿದರೆ, ಆ ಹೊತ್ತಿಗೆ ಎಚ್ಚರವಿರುವವರ ಮಾತೇ ಗೆಲ್ಲುತ್ತದೆ. ಮೇಲಿನವನಾದ ನಾನು ನನ್ನ ಪಟ್ಟಿಯನ್ನು ಕೊನೆಗೆ ಅಂಟಿಸಿದೆ. ಮೊದಲೇ ಅಂಟಿಸಿದ್ದರೆ ಉಳಿದವರ ಹಳದಿಯೆಲ್ಲ ನನಗೆ ಅನುಕೂಲವಾಗಿ ಖಾಲಿಯಾಗುತ್ತಿತ್ತು ಅಂತ ಅನುಭವಸ್ಥರೊಬ್ಬರು ಎಚ್ಚರಿಸಿದ್ದರು.

ಹನ್ನೆರಡು ಪಟ್ಟಿ ಒಂದರ ಕೆಳಗೊಂದು ಅಂಟಿಸಿದಾಗ ಕೆಂಪಿಲ್ಲದ ಎರಡು ಓಣಿ ಕಂಡವು. ಒಂದು, ಮಧ್ಯಾಹ್ನ 2ರಿಂದ 4. ಇನ್ನೊಂದು, ಸಂಜೆ ಪಾಳಿ ಬದಲಾಗುವ 6:30ರ ಆಚೀಚೆ.

ಮೂರು ಗಂಟೆ ಎಲ್ಲರಿಗೂ ಇಷ್ಟವಾಗುವಂತೆ ಕಂಡಿತು. ರಾತ್ರಿಯವರು ಆಗ ಎದ್ದಿರುತ್ತಾರೆ, ಹಗಲಿನವರು ಕಚೇರಿಯಲ್ಲೇ ಇರುತ್ತಾರೆ, ಸರದಿಯ ರಗಳೆಯೇ ಬೇಡ. ಆದರೆ ರಾತ್ರಿಯವರ ನಾಲ್ಕೂ ಪಟ್ಟಿಯಲ್ಲಿ ಆ ಹೊತ್ತು ಹಳದಿಯಾಗಿತ್ತು. ಶಾಲೆಯಿಂದ ಮಗು ಬರುವುದು, ಬ್ಯಾಂಕಿಗೆ ಓಡುವುದು, ಮನೆಯವರ ಜೊತೆ ಕೂತು ಉಣ್ಣುವುದು, ಎಲ್ಲ ಅವರಿಗೆ ಆ ಎರಡು ಮೂರು ಗಂಟೆಯಲ್ಲೇ ಆಗಬೇಕು. ಪಾಳಿಗೆ ಅಂಟಿಕೊಂಡ ಮುಕ್ಕಾಲು ಗಂಟೆ ಹೋದರೆ ಮುಕ್ಕಾಲು ಗಂಟೆಯಷ್ಟೇ ಹೋಗುತ್ತದೆ. ಬಿಡುವಿನ ನಟ್ಟನಡುವೆ ಬಿದ್ದ ಮುಕ್ಕಾಲು ಗಂಟೆ ಆ ಬಿಡುವನ್ನೇ ಎರಡು ತುಂಡು ಮಾಡಿ ಎರಡೂ ಉಪಯೋಗಕ್ಕೆ ಬಾರದಂತೆ ಮಾಡುತ್ತದೆ. ಸಾಲದ್ದಕ್ಕೆ, ಮೂರು ಗಂಟೆಗೆ ಖಾಯಂ ಮಾಡಿದರೆ ತೊಂದರೆ ಪಡುವವರು ಯಾವಾಗಲೂ ಅವರೇ. ಅದನ್ನು ಬಿಟ್ಟೆವು.

ಉಳಿದದ್ದು 6:30ರ ಗಡಿ. ನಮ್ಮ ಸರದಿ ನಿಂತದ್ದು ಇದರ ಮೇಲೆ. ಒಂದು ವಾರ ಮೀಟಿಂಗು 5:45ರಿಂದ 6:30ರವರೆಗೆ, ರಾತ್ರಿಯವರು ಮುಕ್ಕಾಲು ಗಂಟೆ ಬೇಗ ಬರುತ್ತಾರೆ. ಮರುವಾರ 6:30ರಿಂದ 7:15, ಹಗಲಿನವರು ಮುಕ್ಕಾಲು ಗಂಟೆ ತಡವಾಗಿ ಹೋಗುತ್ತಾರೆ. ಯಾರ ನಿದ್ದೆಗೂ ಕೈ ಹಾಕಿಲ್ಲ. ಗಡಿಯ ಈಚೆ ಒಂದು ಹೆಜ್ಜೆ, ಆಚೆ ಒಂದು ಹೆಜ್ಜೆ.

ಇದಕ್ಕೆ ನಮ್ಮ ಮೇಲಧಿಕಾರಿಯೊಬ್ಬರು ತಕರಾರು ತೆಗೆದರು, ಅದು ಪೂರ್ತಿ ತಳ್ಳಿಹಾಕುವ ಮಾತೂ ಅಲ್ಲ. "ಹಗಲಿನವರು ಎಂಟು ಜನ ನಿಂತರೆ ಒಟ್ಟು 360 ನಿಮಿಷ. ರಾತ್ರಿಯವರು ನಾಲ್ಕು ಜನ ಬೇಗ ಬಂದರೆ 180. ಪ್ರತಿವಾರ ಅವರೇ ಬೇಗ ಬಂದರೆ ತಂಡಕ್ಕೆ ಅರ್ಧ ಉಳಿತಾಯ ಅಲ್ಲವೇನ್ರೀ? ಹೇಗೂ ಅವರಿಗೆ ನೈಟ್ ಅಲೋವೆನ್ಸ್ ಬರುತ್ತೆ." ಒಟ್ಟು ಮೊತ್ತ ನೋಡಿದರೆ ಅವರ ಗಣಿತ ಸರಿ. ಆದರೆ ಬೇಗ ಏಳುವವನು ತಂಡದ ಮೊತ್ತವನ್ನು ಏಳುವುದಿಲ್ಲ, ತನ್ನ ಮುಕ್ಕಾಲು ಗಂಟೆಯನ್ನು ಏಳುತ್ತಾನೆ. ಈ ಲೆಕ್ಕ ಒಪ್ಪಿದರೆ ಸಂಖ್ಯೆ ಕಡಿಮೆ ಇರುವವರು ಎಂದೆಂದಿಗೂ ಹೊರೆ ಹೊರಬೇಕಾಗುತ್ತದೆ. ತಲೆಗೆ ಎಷ್ಟು ಅಂತ ಎಣಿಸಬೇಕು. ಅಲೋವೆನ್ಸ್ ಕೊಡುವುದು ರಾತ್ರಿ ದುಡಿದದ್ದಕ್ಕೆ. ಅದರಲ್ಲಿ ಈ ಮೀಟಿಂಗಿನ ದುಡ್ಡು ಸೇರಿಲ್ಲ.

ತಲೆಗೆ ಎಣಿಸುವಾಗಲೂ ಕೋಣೆಯ ಗಡಿಯಾರ ನಂಬಿ ಒಮ್ಮೆ ಮೋಸ ಹೋದೆವು. ಹಗಲಿನವರ ಡ್ರಾಪ್ ಕ್ಯಾಬುಗಳು 6:45ಕ್ಕೆ ಹೊರಡುತ್ತಿದ್ದವು, ಅದರ ಮುಂದಿನದು 8 ಗಂಟೆಗೆ. 7:15ಕ್ಕೆ ಮೀಟಿಂಗು ಮುಗಿಸಿದವರು ಮುಕ್ಕಾಲು ಗಂಟೆ ಲಾಬಿಯಲ್ಲಿ ಕಾಯಬೇಕು. ಅಂದರೆ ಮನೆ ಬಾಗಿಲಿನಲ್ಲಿ ಆ ಮುಕ್ಕಾಲು ಗಂಟೆ 75 ನಿಮಿಷ ಆಗುತ್ತಿತ್ತು. ರಾತ್ರಿಯವರಿಗೆ 5:30ರ ಲಾಗಿನ್‌ಗೆ ಒಂದು ಪಿಕಪ್ ಇತ್ತು, ಹಾಗಾಗಿ ಅವರಿಗೆ 60 ನಿಮಿಷ. ಒಬ್ಬರು ಇದನ್ನು ಹೇಳುವವರೆಗೂ ನಾವು ಸಮಸಮ ಅಂದುಕೊಂಡಿದ್ದೆವು. ಟ್ರಾನ್ಸ್‌ಪೋರ್ಟ್ ಡೆಸ್ಕಿನವರನ್ನು ಹಿಡಿದು ಎರಡು ವಾರಕ್ಕೊಮ್ಮೆ 7:30ಕ್ಕೆ ಒಂದು ಗಾಡಿ ಹೊರಡಿಸಿದ ಮೇಲೆ ಹಗಲಿನವರಿಗೆ 45, ರಾತ್ರಿಯವರಿಗೆ 60 ಆಯಿತು. ಈಗ ಹೆಚ್ಚು ಕಾಯುವವರು ರಾತ್ರಿಯವರು. ಅದಕ್ಕೆ ಅವರ ವಾರಗಳಲ್ಲಿ ಮೀಟಿಂಗನ್ನು 5:30ಕ್ಕೇ ಶುರುಮಾಡಿ 6:15ಕ್ಕೆ ಮುಗಿಸಿ, ಉಳಿದ ಕಾಲು ಗಂಟೆ ಕ್ಯಾಂಟೀನಿಗೆ ಬಿಟ್ಟೆವು. ಇದರಿಂದ ಹೊರೆಯೇನೂ ಇಳಿಯುವುದಿಲ್ಲ, ಆದರೆ ಉಪ್ಪಿಟ್ಟು ಬಿಸಿ ಇರುವಾಗ ಸಿಗುತ್ತದೆ ಅಂತ ಅವರೇ ಕೇಳಿದ್ದು.

ಎರಡು ವಾರಕ್ಕೆ 45 ನಿಮಿಷ ಅಂದರೆ ವರ್ಷಕ್ಕೆ 26 ಸಲ, ಹತ್ತೊಂಬತ್ತೂವರೆ ಗಂಟೆ. ಎರಡು ದಿನಕ್ಕಿಂತ ಹೆಚ್ಚಿನ ದುಡಿಮೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದು ಇಂಥ ಚಿಲ್ಲರೆ ಗಂಟೆಗಳು ಸದ್ದಿಲ್ಲದೆ ಸೇರಿಕೊಳ್ಳುವುದನ್ನು ತಡೆಯುವುದಕ್ಕೂ ಹೌದು. ಹಗಲಿನವರಿಗೆ ಪರಿಹಾರ ಸುಲಭ, ಮರುದಿನ 10:15ಕ್ಕೆ ಬಂದರಾಯಿತು. ರಾತ್ರಿಯವರಿಗೆ ಅದು ಆಗದು. 2:45ಕ್ಕೆ ಬಿಡೋಣವೆಂದರೆ ಆ ಹೊತ್ತಿಗೆ ಕ್ಯಾಬ್ ಇಲ್ಲ, ಗಿರಾಕಿಯ ಫೋನ್ ಎತ್ತುವವರೂ ಇರುವುದಿಲ್ಲ. ಅವರಿಗೆ ವರ್ಷಕ್ಕೆ ಎರಡು ಕಾಂಪ್ ಆಫ್ ಕೊಡಿಸಿದೆವು.

ಇಷ್ಟೆಲ್ಲ ನಮ್ಮಲ್ಲಿ ನಡೆದದ್ದು ಪಾಳಿ ಖಾಯಂ ಆಗಿದ್ದುದರಿಂದ. ಹಗಲಿನವರು ಹಗಲೇ, ರಾತ್ರಿಯವರು ರಾತ್ರಿಯೇ. ಪಾಳಿಯೂ ತಿರುಗುವ ಕಡೆ ಒಂದು ಗುಪ್ತ ಗುಂಡಿ ಇದೆ, ಅದು ಕಂಡದ್ದು ನಮ್ಮ ಪಕ್ಕದ ತಂಡದಲ್ಲಿ.

ಅಲ್ಲಿ ಹತ್ತು ಜನ, ಐದೈದರ ಎರಡು ಬ್ಯಾಚು. ವಾರಕ್ಕೊಮ್ಮೆ ಅದಲು ಬದಲು. ಈ ವಾರ ಹಗಲು ಬಂದವರು ಮುಂದಿನ ವಾರ ರಾತ್ರಿ. ನಮ್ಮದನ್ನು ನೋಡಿ ಅವರೂ ಮೀಟಿಂಗನ್ನು ವಾರ ಬಿಟ್ಟು ವಾರ ಗಡಿಯ ಈಚೆ, ಆಚೆ ಇಟ್ಟರು. ಎರಡು ತಿಂಗಳಾದ ಮೇಲೆ ಒಂದು ಬ್ಯಾಚಿನವರು ಗೊಣಗತೊಡಗಿದರು, "ನಮಗೇ ಯಾಕೆ ಯಾವಾಗಲೂ?" ಲೀಡ್ ಕ್ಯಾಲೆಂಡರ್ ತೆರೆದು ತೋರಿಸಿದ. ನೋಡಿ, ಒಂದು ವಾರ ಬೇಗ, ಒಂದು ವಾರ ತಡ, ಒಂದೂ ತಪ್ಪಿಲ್ಲ. ಕ್ಯಾಲೆಂಡರ್ ಸುಳ್ಳು ಹೇಳುತ್ತಿರಲಿಲ್ಲ. ಗೊಣಗುತ್ತಿದ್ದವರೂ ಸುಳ್ಳು ಹೇಳುತ್ತಿರಲಿಲ್ಲ.

ಮೊದಲನೇ ವಾರ ಹಗಲಿನವರು ತಡವಾಗಿ ನಿಲ್ಲುವ ಸರದಿ, ಒಂದನೇ ಬ್ಯಾಚು ಹಗಲಿನಲ್ಲಿದೆ, ಹಾಗಾಗಿ ನಿಂತದ್ದು ಅವರು. ಎರಡನೇ ವಾರ ರಾತ್ರಿಯವರು ಬೇಗ ಬರುವ ಸರದಿ. ಅಷ್ಟರಲ್ಲಿ ಪಾಳಿ ಬದಲಾಗಿ ಒಂದನೇ ಬ್ಯಾಚೇ ರಾತ್ರಿಗೆ ಬಂದಿದೆ, ಬೇಗ ಬಂದದ್ದೂ ಅವರೇ. ಮೂರನೇ ವಾರ ಮತ್ತೆ ಹಗಲಿನವರ ಸರದಿ, ಹಗಲಿನಲ್ಲಿ ಮತ್ತೆ ಒಂದನೇ ಬ್ಯಾಚು. ಎರಡನೇ ಬ್ಯಾಚಿನವರು ಎಂಟು ವಾರದಲ್ಲಿ ಒಂದು ನಿಮಿಷವೂ ಹೆಚ್ಚು ನಿಂತಿರಲಿಲ್ಲ. ಅವರಿಗೇ ಅದು ಗೊತ್ತಿರಲಿಲ್ಲ. ಪಾಳಿ ತಿರುಗುವ ಲಯ, ಮೀಟಿಂಗು ತಿರುಗುವ ಲಯ ಎರಡೂ ಒಂದೇ ಆದಾಗ ಸರದಿ ತಿರುಗುತ್ತಿರುವ ಹಾಗೆ ಕಂಡರೂ ಒಂದೇ ಕಡೆ ನಿಂತುಬಿಟ್ಟಿರುತ್ತದೆ.

ಇದೇನೂ ಸಾಫ್ಟ್‌ವೇರ್ ಕಚೇರಿಯವರು ಕಂಡುಹಿಡಿದ ಸಂಕಟವಲ್ಲ. ಪಂಜಾಬ್, ಹರಿಯಾಣದ ಕಾಲುವೆಗಳಲ್ಲಿ ವಾರಾಬಂದಿ ಅನ್ನುವ ನೀರಿನ ಸರದಿ ಇದೆ. ಒಂದು ತೂಬಿನ ನೀರು 168 ಗಂಟೆ, ಅಂದರೆ ಸರಿಯಾಗಿ ಏಳು ದಿನದಲ್ಲಿ, ಆ ತೂಬಿನ ಎಲ್ಲ ರೈತರನ್ನೂ ಸುತ್ತಿ ಬರುತ್ತದೆ. ಹೊಲ ದೊಡ್ಡದಿದ್ದವನಿಗೆ ಹೆಚ್ಚು ಹೊತ್ತು, ಚಿಕ್ಕದಿದ್ದವನಿಗೆ ಕಡಿಮೆ. ನ್ಯಾಯವಾಗಿಯೇ ಇದೆ. ಆದರೆ 168ನ್ನು 24ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಹೀಗಾಗಿ ಮಂಗಳವಾರ ರಾತ್ರಿ 2ಕ್ಕೆ ಸರದಿ ಬಿದ್ದವನಿಗೆ ಪ್ರತಿ ಮಂಗಳವಾರವೂ ರಾತ್ರಿ 2ಕ್ಕೇ. ಅವನು ಲಾಟೀನು ಹಿಡಿದು ಬದುವಿನ ಮೇಲೆ ಓಡಾಡುತ್ತಿರಬೇಕು, ಪಕ್ಕದವನು ಯಾವಾಗಲೂ ಹಗಲಿನಲ್ಲಿ ಹಾಯಿಸುತ್ತಿರುತ್ತಾನೆ. ಅದಕ್ಕೆ ಅಲ್ಲಿ ಮಾಡಿಕೊಂಡ ಮದ್ದು ಬಹಳ ಚೆನ್ನಾಗಿದೆ: ವರ್ಷಕ್ಕೊಮ್ಮೆ ಇಡೀ ಪಟ್ಟಿಯನ್ನು 12 ಗಂಟೆ ಮುಂದಕ್ಕೆ ತಳ್ಳುವುದು. ಈ ವರ್ಷ ರಾತ್ರಿ 2 ಇದ್ದವನಿಗೆ ಬರುವ ವರ್ಷ ಮಧ್ಯಾಹ್ನ 2. ರಾತ್ರಿ ಹೊತ್ತು ಥ್ರೀ ಫೇಸ್ ಕರೆಂಟ್ ಬರುವ ವಾರ ಪಂಪ್‌ಸೆಟ್ಟಿನ ಹತ್ತಿರ ಮಲಗಿದ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ತಂಡಕ್ಕೂ ಇದೇ ಮದ್ದು, ಲಯವನ್ನು ಒಂದು ಕಡೆ ಮುರಿಯುವುದು. ತಡ, ಬೇಗ, ತಡ, ಬೇಗ ಅನ್ನುವ ಬದಲು ತಡ, ಬೇಗ, ಬೇಗ, ತಡ ಅಂತ ನಾಲ್ಕು ವಾರದ ಸುತ್ತು ಮಾಡಿಕೊಂಡರು. ಬೆರಳಲ್ಲಿ ಎಣಿಸಿ ನೋಡಬಹುದು. ಒಂದನೇ ಬ್ಯಾಚು ಹಗಲು, ರಾತ್ರಿ, ಹಗಲು, ರಾತ್ರಿ ಇದ್ದರೆ ಮೊದಲ ಎರಡು ವಾರ ಹೊರೆ ಅವರಿಗೆ. ಮೂರನೇ ವಾರ ಅವರು ಹಗಲಿನಲ್ಲಿದ್ದಾರೆ, ಸರದಿ ರಾತ್ರಿಯವರದು, ಪಾರು. ನಾಲ್ಕನೇ ವಾರ ಅವರು ರಾತ್ರಿಯಲ್ಲಿದ್ದಾರೆ, ಸರದಿ ಹಗಲಿನವರದು, ಮತ್ತೆ ಪಾರು. ಎರಡು ಅವರಿಗೆ, ಎರಡು ಇವರಿಗೆ. ಪಾಳಿ ಎರಡು ವಾರಕ್ಕೊಮ್ಮೆ ಬದಲಾದರೂ, ನಾಲ್ಕು ವಾರಕ್ಕೊಮ್ಮೆ ಬದಲಾದರೂ ಈ ಸುತ್ತು ಎರಡು-ಎರಡೇ ಕೊಡುತ್ತದೆ. ಪಾಳಿಯನ್ನು ತಿಂಗಳ ಒಂದನೇ ತಾರೀಕಿಗೆ ಬದಲಾಯಿಸುವ ಕಡೆ ಮಾತ್ರ ಹುಷಾರು, ಕೆಲವು ತಿಂಗಳಲ್ಲಿ ಬುಧವಾರ ಐದು ಬರುತ್ತವೆ.

ಇನ್ನು ಅಮೆರಿಕದ ಗಡಿಯಾರದ ಕಾಟ. ಅಲ್ಲಿ 2007ರಿಂದ ಈಚೆಗೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲನೇ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹೀಗಾಗಿ ನವೆಂಬರಿನಲ್ಲಿ ನ್ಯೂಯಾರ್ಕಿನ ಬೆಳಗಿನ 9 ನಮಗೆ ಸಂಜೆ 7:30 ಆಗುತ್ತದೆ, ರಾತ್ರಿ ಪಾಳಿಯ ಲಾಗಿನ್ ಕೂಡ ಒಂದು ಗಂಟೆ ಮುಂದೆ ಸರಿಯುತ್ತದೆ. ಮೊದಲ ವರ್ಷ ನಮಗೆ ಇದು ತಿಳಿದದ್ದು ಮೀಟಿಂಗು ತಪ್ಪಿದ ಮೇಲೆ. ಆಹ್ವಾನ ಕಳಿಸಿದ್ದವರು ಅಮೆರಿಕದಲ್ಲಿದ್ದ ಮ್ಯಾನೇಜರು, ಅವರ ಊರಿನ ಗಡಿಯಾರಕ್ಕೆ ಕಟ್ಟಿದ್ದರು. ಅವರಿಗೆ ಏನೂ ಬದಲಾಗಲಿಲ್ಲ, ನಮ್ಮ ಹಗಲಿನವರ 6:30 ಮಾತ್ರ ರಾತ್ರೋರಾತ್ರಿ 7:30 ಆಗಿ ಕೂತಿತು. ಆಮೇಲಿಂದ ಆಹ್ವಾನವನ್ನು ಇಲ್ಲಿಯವರೇ ಮಾಡುವುದು, ಟೈಮ್ ಝೋನ್ ಇರುವ ಕಡೆ `Asia/Kolkata` ಆರಿಸುವುದು, ಬೇಗದ ವಾರಕ್ಕೊಂದು, ತಡದ ವಾರಕ್ಕೊಂದು ಎರಡು ಬೇರೆ ಬೇರೆ ಆಹ್ವಾನ ಇಡುವುದು ಅಂತ ಮಾಡಿಕೊಂಡೆವು.

ಚಳಿಗಾಲದಲ್ಲಿ ಹಗಲಿನವರು 6:30ಕ್ಕೆ ಮುಗಿಸುತ್ತಾರೆ, ರಾತ್ರಿಯವರು 7:30ಕ್ಕೆ ಶುರುಮಾಡುತ್ತಾರೆ. ನಡುವೆ ಒಂದು ಗಂಟೆ ಯಾರಿಗೂ ಸೇರದ ಬಯಲು. ಇಲ್ಲಿ ಎರಡು ದಾರಿ. ಮೊದಲಿನ ಹಾಗೇ ಸರದಿ ಇಟ್ಟರೆ ಒಂದು ವಾರ 5:45ಕ್ಕೆ, ರಾತ್ರಿಯವರು ಪೂರಾ 105 ನಿಮಿಷ ಬೇಗ ಬರಬೇಕು. ಮರುವಾರ 7:30ರಿಂದ 8:15, ಹಗಲಿನವರು 105 ನಿಮಿಷ ತಡ. ಇಲ್ಲವೇ ಮೀಟಿಂಗನ್ನು ಆ ಬಯಲಿನಲ್ಲೇ ಹಾಕಿ, ಒಂದು ವಾರ 6:30ಕ್ಕೆ, ಇನ್ನೊಂದು ವಾರ 6:45ಕ್ಕೆ ಶುರುಮಾಡಬಹುದು. ಆಗ ಹಗಲಿನವರು ಒಂದು ವಾರ 45, ಇನ್ನೊಂದು ವಾರ 60 ನಿಮಿಷ ನಿಲ್ಲುತ್ತಾರೆ. ರಾತ್ರಿಯವರು 60, ಆಮೇಲೆ 45 ನಿಮಿಷ ಬೇಗ ಬರುತ್ತಾರೆ. ಎರಡು ವಾರಕ್ಕೆ ಕೂಡಿಸಿದರೆ ಇದೂ 105, ಅದೂ 105. ನಿಮಿಷದ ಲೆಕ್ಕದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ: ಬಯಲಿನಲ್ಲಿಟ್ಟರೆ ಎಲ್ಲರಿಗೂ ಪ್ರತಿ ವಾರ ಸ್ವಲ್ಪ ಸ್ವಲ್ಪ ತೊಂದರೆ, ಸರದಿ ಇಟ್ಟರೆ ಎರಡು ವಾರಕ್ಕೊಮ್ಮೆ ದೊಡ್ಡದು, ನಡುವಿನ ವಾರ ಪೂರ್ತಿ ನಿರಾಳ.

ದೂರದಿಂದ ಬರುವವರು ಸರದಿಯೇ ಇರಲಿ ಅಂದರು. ಹೇಗೂ ಕ್ಯಾಬ್ ಬದಲಾಯಿಸಬೇಕು, ಮನೆಯಲ್ಲಿ ಹೇಳಬೇಕು, ಆ ರಗಳೆ ಎರಡು ವಾರಕ್ಕೆ ಒಂದೇ ಸಲ ಆಗಲಿ. ಚಿಕ್ಕ ಮಕ್ಕಳಿದ್ದವರು 8:15 ಆಗುವುದೇ ಇಲ್ಲ, ಡೇ ಕೇರ್ ಮುಚ್ಚುತ್ತದೆ ಅಂದರು. ಅವರ ಪಟ್ಟಿಯಲ್ಲಿ ಆ ಹೊತ್ತು ಹಳದಿಯಲ್ಲ, ಕೆಂಪು. ಕೆಂಪನ್ನು ಸರದಿಗೆ ಸೇರಿಸುವುದಿಲ್ಲ ಅನ್ನುವುದು ಮೊದಲೇ ಒಪ್ಪಿದ ಮಾತು, ಹಾಗಾಗಿ ಬಯಲು ಗೆದ್ದಿತು. ನನಗಿದ್ದರೆ ಸರದಿಯೇ ಇಷ್ಟ, ಈಗಲೂ.

ಇವೆಲ್ಲಕ್ಕಿಂತ ನನಗೆ ಹೆಚ್ಚು ತಲೆನೋವು ಕೊಟ್ಟದ್ದು ರದ್ದಾದ ಮೀಟಿಂಗುಗಳು. ರಜೆ ಬಂತು, ಯಾರೋ ಗಿರಾಕಿ ಬಂದರು, ಸಿಸ್ಟಂ ಬಿತ್ತು, ಈ ವಾರ ಬೇಡ. ಆದದ್ದೇ. ಆರು ತಿಂಗಳಾದ ಮೇಲೆ ನೋಡಿದರೆ ರದ್ದಾದ ಐದರಲ್ಲಿ ನಾಲ್ಕು ಹಗಲಿನವರು ತಡವಾಗಿ ನಿಲ್ಲಬೇಕಿದ್ದ ವಾರಗಳು. ಯಾರೂ ಬೇಕೆಂದು ಮಾಡಿದ್ದಲ್ಲ. ರದ್ದು ಮಾಡುವ ಅಧಿಕಾರ ಇದ್ದವನು ನಾನು, ನಾನು ಹಗಲಿನವನು. ಸಂಜೆ 6 ಗಂಟೆಗೆ ಸುಸ್ತಾಗಿ ಕೂತವನಿಗೆ ಈ ವಾರದ ವಿಷಯಗಳು ಅಷ್ಟೇನೂ ತುರ್ತಿಲ್ಲ ಅನ್ನಿಸುವುದು ಸಹಜ. ರಾತ್ರಿಯವರು ಬೇಗ ಬರುವ ವಾರ ಹಾಗೆ ಅನ್ನಿಸುವ ಹೊತ್ತಿಗೆ ಅವರು ಕ್ಯಾಬ್ ಹತ್ತಿ ಆಗಿರುತ್ತದೆ.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಸರದಿಯನ್ನು ತಾರೀಕಿನಿಂದ ಬಿಡಿಸಿ, ನಡೆದ ಮೀಟಿಂಗಿಗೆ ಕಟ್ಟಿದೆವು. ಹಗಲಿನವರ ವಾರ ರದ್ದಾದರೆ ಮುಂದಿನ ವಾರವೂ ಹಗಲಿನವರದೇ, ಬಾಕಿ ತೀರುವವರೆಗೆ ರಾತ್ರಿಯವರಿಗೆ ದಾಟುವುದಿಲ್ಲ. ಕಾಲೇಜು ಹಾಸ್ಟೆಲಿನ ಮೆಸ್ಸಿನಲ್ಲಿ ತರಕಾರಿ ತರುವ ಸರದಿ ಹೀಗೇ ನಡೆಯುತ್ತಿತ್ತು. ಎರಡನೆಯದು, ಒಂದು ಹಾಳೆಯಲ್ಲಿ ಹನ್ನೆರಡು ಹೆಸರು ಬರೆದು, ಯಾರು ಯಾವ ವಾರ ಪಾಳಿಯ ಹೊರಗೆ ಕೂತರೋ ಅವರ ಹೆಸರಿನ ಮುಂದೆ ಒಂದು ಗೀಟು ಎಳೆಯುವುದು. ಗೀಟು ತಂಡದ ಹೆಸರಿಗಲ್ಲ, ಆಳಿನ ಹೆಸರಿಗೆ. ರಜೆಯಲ್ಲಿದ್ದವನಿಗೆ ಗೀಟಿಲ್ಲ. ತಡದ ವಾರ ರಾತ್ರಿಯವರ ಫೋನುಗಳು ಬಡಿದುಕೊಳ್ಳಲು ಶುರುವಾಗಿರುತ್ತವೆ, ಆಗ ನಾಲ್ವರಲ್ಲಿ ಒಬ್ಬ ಮೀಟಿಂಗಿಗೆ ಬರದೆ ಕ್ಯೂ ನೋಡಿಕೊಳ್ಳಬೇಕು. ಅದಕ್ಕೂ ಗೀಟು. ತಡದ ವಾರ ಎರಡು ವಾರಕ್ಕೊಮ್ಮೆ, ಜನ ನಾಲ್ಕು, ಹಾಗಾಗಿ ಒಬ್ಬನಿಗೆ ಎಂಟು ವಾರಕ್ಕೆ ಒಂದು ಮೀಟಿಂಗು ತಪ್ಪುತ್ತದೆ. ತಪ್ಪಿದವನಿಗಾಗಿ ನಿರ್ಣಯಗಳನ್ನು ಐದಾರು ಸಾಲಿನಲ್ಲಿ ಬರೆದಿಟ್ಟು, ಮರುದಿನದ ಪಾಳಿ ಬದಲಾವಣೆಯವರೆಗೂ ಯಾವುದನ್ನೂ ಅಂತಿಮ ಮಾಡದೆ ಬಿಡುವುದು ರೂಢಿಯಾಯಿತು.

ಗೀಟುಗಳು ಸಮವಾದರೆ ಹೊರೆ ಸಮ ಅಂತ ಗೊತ್ತಾಗುತ್ತದೆ, ಮೀಟಿಂಗು ನೆಟ್ಟಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಇಟ್ಟುಕೊಂಡ ಗುರುತು ಒಂದೇ: ಮಾತಾಡಬೇಕಾದ ವಿಷಯಗಳಲ್ಲಿ ರಾತ್ರಿಯವರು ತಂದದ್ದು ಎಷ್ಟು. 11 ಗಂಟೆಯ ಕಾಲದಲ್ಲಿ ಅದು ಸೊನ್ನೆ. ವಾರದಲ್ಲಿ ಐದು ರಾತ್ರಿ ಅದೇ ಸರ್ವರುಗಳ ಜೊತೆ ಹೆಣಗುವವರಿಗೆ ಹೇಳಲು ಏನೂ ಇಲ್ಲ ಅನ್ನುವುದನ್ನು ನಾನು ಅಷ್ಟು ದಿನ ನಂಬಿದ್ದೆನಲ್ಲ!

ದಸರೆ ಕಳೆದ ವಾರ ಬೋರ್ಡಿನ ಮೂಲೆಯಲ್ಲಿ ಯಾರೋ "ಹಗಲಿನವರ ಬಾಕಿ: 2" ಅಂತ ಬರೆದಿದ್ದರು. ಅಳಿಸುವ ಹಾಗಿರಲಿಲ್ಲ. ಆ ಬುಧವಾರ 6:30ಕ್ಕೆ ನಾವು ಏಳು ಜನ ಉಳಿದುಕೊಂಡೆವು, ಕುಕ್ಕರಿನ ಹುಡುಗ ಆಗಷ್ಟೇ ಮುಖ ತೊಳೆದುಕೊಂಡು ಬಂದು ಕೂತ. ಹಳೆಯ ಪ್ರಶ್ನೆ ಇನ್ನೂ ಹಾಗೇ ಇತ್ತು. ಯಾವ ಸರ್ವರ್ ಮೊದಲು? ನಾವು ಹಗಲಿನವರು ಸೇರಿ ಮೂರನೆಯದು ಅಂತ ಆಗಲೇ ತೀರ್ಮಾನಿಸಿ, ರಾತ್ರಿ 1 ಗಂಟೆಗೆ ಮಾಡೋದು ಅಂತ ಹೊತ್ತನ್ನೂ ಬರೆದಿಟ್ಟಿದ್ದೆವು.

"ಸರ್, ಒಂದು ಗಂಟೆಗೆ ಅದರ ಬ್ಯಾಕಪ್ ಓಡ್ತಿರುತ್ತಲ್ಲ" ಅಂದ. "ಎರಡೂಕಾಲಿಗೆ ಮುಗಿಯುತ್ತೆ. ದಿನಾ ನಾನೇ ನೋಡ್ತೀನಿ."

ಗಾಜಿನ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹೊರಗೆ 6:45ರ ಕ್ಯಾಬುಗಳು ಹೊರಟವು. ನಾನು 1 ಗಂಟೆಯನ್ನು ಹೊಡೆದು ಹಾಕಿ 2:30 ಅಂತ ಬರೆದೆ.